ಏಳು ದಿನದ ಲೆಕ್ಕ ಶುರುವಾಗಬೇಕಾದದ್ದು ಎಂದಿನಿಂದ?

ನಾರಾಯಣಪೇಟೆಯ ಒಬ್ಬ ಸೀರೆ ವ್ಯಾಪಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವರ್ಷಕ್ಕೆ 1.35 ಕೋಟಿ ರೂಪಾಯಿ ವಹಿವಾಟು, ಬಹುಪಾಲು ನಗದು. ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಪ್ರಕಾರ ವಹಿವಾಟಿನ ಶೇ 8ರಷ್ಟನ್ನು, ಅಂದರೆ 10.80 ಲಕ್ಷವನ್ನು ಆದಾಯವೆಂದು ತೋರಿಸುತ್ತಾನೆ. 2024-25ರ ಹಣಕಾಸು ವರ್ಷದ ಹೊಸ ಪದ್ಧತಿಯ ದರದಲ್ಲಿ ಅದಕ್ಕೆ ಬರುವ ತೆರಿಗೆ, ಸೆಸ್ ಸೇರಿ, 64,480 ರೂಪಾಯಿ. ಈ ಬಗೆಯ ವ್ಯಾಪಾರಿಗಳಿಗೆ ಮುಂಗಡ ತೆರಿಗೆಯ ನಾಲ್ಕು ಕಂತಿನ ರಗಳೆ ಇಲ್ಲ. ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಆತ 2025ರ ಮಾರ್ಚ್ 15ರಂದೇ, ಇಲಾಖೆಯ ಪೋರ್ಟಲ್‌ನಲ್ಲಿ, ಪೂರ್ತಿ ಹಣ ಕಟ್ಟುತ್ತಾನೆ. ಪ್ಯಾನ್ ಸರಿ, ಮೊತ್ತ ಸರಿ, ದಿನಾಂಕ ಸರಿ. ಒಂದೇ ಒಂದು ಕಡೆ ಎಡವುತ್ತಾನೆ: ಅಸೆಸ್‌ಮೆಂಟ್ ವರ್ಷ ಕೇಳಿದಲ್ಲಿ 2024-25 ಎಂದು ಆರಿಸುತ್ತಾನೆ. ಆರಿಸಬೇಕಾಗಿದ್ದದ್ದು 2025-26.

ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಆತನ ಲೆಕ್ಕದ ಪುಸ್ತಕದ ಮೇಲೆ, ಜಿಎಸ್‌ಟಿ ರಿಟರ್ನ್ ಮೇಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ, ಎಲ್ಲೆಡೆ ಆ ವರ್ಷದ ಹೆಸರು 2024-25. ಆದಾಯ ತೆರಿಗೆಯ ಚಲನ್ ಒಂದು ಮಾತ್ರ ಗಳಿಸಿದ ವರ್ಷವನ್ನು ಕೇಳದೆ, ಅದರ ಲೆಕ್ಕ ಪರಿಶೀಲಿಸುವ ಮುಂದಿನ ವರ್ಷವನ್ನು ಕೇಳುತ್ತದೆ. ತಪ್ಪು ಉತ್ತರವೂ ಅಸಂಬದ್ಧವಾಗಿ ಕಾಣುವುದಿಲ್ಲ. 2024-25 ಎನ್ನುವುದು ಹಿಂದಿನ ವರ್ಷದ ಆದಾಯಕ್ಕೆ ಸಲ್ಲುವ, ಪಟ್ಟಿಯಲ್ಲೇ ಇರುವ, ಕ್ರಮಬದ್ಧ ಅಸೆಸ್‌ಮೆಂಟ್ ವರ್ಷ. ಹಾಗಾಗಿ ಪೋರ್ಟಲ್ ತಡೆಯುವುದಿಲ್ಲ, ಬ್ಯಾಂಕ್ ತಡೆಯುವುದಿಲ್ಲ, ರಸೀದಿ ಹಸಿರು ಗುರುತಿನೊಂದಿಗೆ ಕೈಗೆ ಬರುತ್ತದೆ.

ಈಗ ತಿದ್ದುಪಡಿಯ ನಿಯಮ ನೋಡಿ. ಪೋರ್ಟಲ್‌ಗೆ ಲಾಗಿನ್ ಆಗಿ Services ಅಡಿಯಲ್ಲಿ Challan Correction ತೆರೆದರೆ, ತೆರಿಗೆದಾರ ತಾನೇ ಮೂರು ಸಂಗತಿಗಳನ್ನು ಬದಲಿಸಲು ಕೋರಬಹುದು. ಒಂದು, ಅಸೆಸ್‌ಮೆಂಟ್ ವರ್ಷ. ಎರಡು, ಮೇಜರ್ ಹೆಡ್, ಅಂದರೆ ಕಂಪನಿಯ ತೆರಿಗೆಯೋ ಇತರರ ತೆರಿಗೆಯೋ ಎಂಬುದು. ಮೂರು, ಮೈನರ್ ಹೆಡ್, ಅಂದರೆ ಮುಂಗಡ ತೆರಿಗೆಯೋ, ರಿಟರ್ನ್ ಸಲ್ಲಿಸುವ ಮುನ್ನ ಕಟ್ಟುವ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆಯೋ, ಇಲಾಖೆ ಕೇಳಿದ ಬಾಕಿಯೋ ಎಂಬುದು. ಎರಡು ಹೆಡ್‌ಗಳ ತಿದ್ದುಪಡಿಗೆ ಹಣ ಕಟ್ಟಿದ ದಿನದಿಂದ 30 ದಿನ ಕಾಲಾವಕಾಶ. ವರ್ಷದ ತಿದ್ದುಪಡಿಗೆ ಏಳೇ ದಿನ. ಚಲನ್ ಯಾವ ರಿಟರ್ನ್‌ಗೂ ಬಳಕೆಯಾಗಿರಬಾರದು. ಒಂದು ಚಲನ್‌ಗೆ ಪೋರ್ಟಲ್‌ನಲ್ಲಿ ಒಂದೇ ಸಲ ಅವಕಾಶ. ಅದು ಮುಗಿದರೆ ಅಥವಾ ಗಡುವು ಮೀರಿದರೆ ತಮ್ಮ ವ್ಯಾಪ್ತಿಯ ಅಸೆಸಿಂಗ್ ಅಧಿಕಾರಿಯ ಬಾಗಿಲಿಗೆ ಹೋಗಬೇಕು.

ನಮ್ಮ ವ್ಯಾಪಾರಿಯ ಏಳು ದಿನ ಮಾರ್ಚ್ 22ಕ್ಕೆ ಮುಗಿಯಿತು. ತಪ್ಪು ಆತನಿಗೆ ತಿಳಿಯುವುದು ಯಾವಾಗ? ಮಾರ್ಚ್ ಕೊನೆ ಎಂದರೆ ಲೆಕ್ಕ ಮುಗಿಸುವ ಗಡಿಬಿಡಿ, ಏಪ್ರಿಲ್–ಮೇ ಎಂದರೆ ಮದುವೆ ಸೀಸನ್ನು, ಅಂಗಡಿ ಬಿಟ್ಟು ಅಲ್ಲಾಡುವಂತಿಲ್ಲ. ಜುಲೈಯಲ್ಲಿ ಆಡಿಟರ್ ರಿಟರ್ನ್ ತುಂಬಲು ಕುಳಿತಾಗ 2025-26ರ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಎಲ್ಲರೂ ಎಐಎಸ್ ಎನ್ನುವ ಆ ದಾಖಲೆಯಲ್ಲಿ, ಕಟ್ಟಿದ ತೆರಿಗೆಯ ಅಂಕಣ ಖಾಲಿ ಕಾಣುತ್ತದೆ. ‘ರೊಕ್ಕ ಕಟ್ಟೀನ್ರಿ, ರಸೀದಿ ಐತಿ’ ಎಂದು ವ್ಯಾಪಾರಿ ಮೊಬೈಲ್ ಚಾಚುತ್ತಾನೆ. ರಸೀದಿಯಲ್ಲಿ ಬ್ಯಾಂಕ್ ಶಾಖೆಯ ಏಳಂಕಿಯ ಬಿಎಸ್‌ಆರ್ ಕೋಡ್ ಇದೆ, ದಿನಾಂಕ ಇದೆ, ಚಲನ್ ಕ್ರಮಸಂಖ್ಯೆ ಇದೆ, ಮೊತ್ತ ಇದೆ. ಎಲ್ಲಕ್ಕೂ ಮೇಲೆ, ಯಾರೂ ಓದದ ಸಾಲಿನಲ್ಲಿ, ಅಸೆಸ್‌ಮೆಂಟ್ ವರ್ಷ 2024-25 ಎಂದು ಇದೆ. ಪಟ್ಟಿಯನ್ನು ಒಂದು ವರ್ಷ ಹಿಂದಕ್ಕೆ ತೆರೆದರೆ ಹಣ ಅಲ್ಲಿ ಕುಳಿತಿರುತ್ತದೆ. ಕಳೆದುಹೋಗಿಲ್ಲ, ಯಾರ ಕೈಗೂ ಸೇರಿಲ್ಲ, ಪಕ್ಕದ ಕೋಣೆಯಲ್ಲಿದೆ ಅಷ್ಟೆ. ತಪ್ಪು ವರ್ಷದ ಚಲನ್ ಎಂದು ಖಚಿತಪಡಿಸಿಕೊಳ್ಳುವ ಸುಲಭ ಪರೀಕ್ಷೆಯೂ ಇದೇ: ಸರಿಯಾದ ವರ್ಷದಲ್ಲಿ ಕಾಣದ್ದು ಹಿಂದಿನ ಅಥವಾ ಮುಂದಿನ ವರ್ಷದಲ್ಲಿ ಕಂಡರೆ ಬ್ಯಾಂಕಿನ ತಪ್ಪು ಅಲ್ಲ, ಆಯ್ಕೆಯ ತಪ್ಪು.

ಈ ಹಂತದಲ್ಲಿ ಮಾಡುವ ಎರಡನೇ ತಪ್ಪು ಮೊದಲನೆಯದಕ್ಕಿಂತ ದುಬಾರಿ. ಕೆಲವರು ಗಾಬರಿಯಲ್ಲಿ ಅಷ್ಟೂ ಹಣವನ್ನು ಮತ್ತೊಮ್ಮೆ ಕಟ್ಟಿಬಿಡುತ್ತಾರೆ. ಆಗ ಹಳೆಯ ಚಲನ್ ಹಾಗೇ ಉಳಿಯುತ್ತದೆ, ಅದನ್ನು ಹಿಂಪಡೆಯಲು ಮತ್ತೆ ಅದೇ ಅಧಿಕಾರಿಯ ಬಳಿಗೇ ಹೋಗಬೇಕು. ಇನ್ನು ಕೆಲವರು ಆ ಚಲನ್ ಅನ್ನು ರಿಟರ್ನ್‌ನಲ್ಲಿ ತೋರಿಸದೆ ಬಿಡುತ್ತಾರೆ. ಅದೂ ಸರಿಯಲ್ಲ. ಹಣ ನಿಜವಾಗಿ ಕಟ್ಟಿರುವಾಗ ಚಲನ್ ವಿವರವನ್ನು ರಿಟರ್ನ್‌ನಲ್ಲಿ ಇದ್ದ ಹಾಗೆ ತುಂಬಬೇಕು ಮತ್ತು ಜೊತೆಗೇ ತಿದ್ದುಪಡಿ ಅರ್ಜಿ ಹಾಕಬೇಕು. ಮುಂದೆ ಚಲನ್ ಸರಿಯಾದ ವರ್ಷಕ್ಕೆ ಬಂದಾಗ ರಿಟರ್ನ್‌ನ ಸಾಲೂ ಇಲಾಖೆಯ ದಾಖಲೆಯೂ ತಾನಾಗಿ ಹೊಂದುತ್ತವೆ.

ತಿದ್ದುಪಡಿ ಆಗುವ ಮೊದಲೇ ರಿಟರ್ನ್ ಬೆಂಗಳೂರಿನ ಸಂಸ್ಕರಣಾ ಕೇಂದ್ರ ತಲುಪಿದರೆ ಏನಾಗುತ್ತದೆ ನೋಡಿ. ಅಲ್ಲಿನ ಯಂತ್ರ 2025-26ರ ಕೋಣೆಯಲ್ಲಿ ಮಾತ್ರ ಹುಡುಕುತ್ತದೆ. ಚಲನ್ ಸಿಗುವುದಿಲ್ಲ. 143(1) ಕಲಮಿನ ಸೂಚನೆ ನವೆಂಬರ್‌ನಲ್ಲಿ ಬಂತು ಎಂದಿಟ್ಟುಕೊಳ್ಳಿ. ಮೂಲ ತೆರಿಗೆ 64,480. ಮುಂಗಡ ತೆರಿಗೆ ಕಟ್ಟೇ ಇಲ್ಲ ಎಂಬ ಲೆಕ್ಕದಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ ಶೇ 1ರಂತೆ ಎಂಟು ತಿಂಗಳ ಬಡ್ಡಿ 5,152. ಮಾರ್ಚ್ 15ರ ಕಂತು ತಪ್ಪಿತೆಂದು ಇನ್ನೊಂದು 644. ಒಟ್ಟು, ಹತ್ತರ ಲೆಕ್ಕಕ್ಕೆ ತಿರುಗಿಸಿ, 70,280 ರೂಪಾಯಿ ಬಾಕಿ. ಎಂಟು ತಿಂಗಳಿಂದ ಸರ್ಕಾರದ ಖಜಾನೆಯಲ್ಲೇ ಇರುವ ಹಣಕ್ಕೆ ಸರ್ಕಾರವೇ ಬಡ್ಡಿ ಕೇಳುವ ಸ್ಥಿತಿ ಇದು. 30 ದಿನದಲ್ಲಿ ಕಟ್ಟದಿದ್ದರೆ ಆ ಬಾಕಿಯ ಮೇಲೂ ತಿಂಗಳಿಗೆ ಶೇ 1 ಬಡ್ಡಿ ಏರುತ್ತದೆ, ಬೇರೆ ವರ್ಷದ ರಿಫಂಡ್ ಇದ್ದರೆ ಅದನ್ನು ಹಿಡಿದುಕೊಳ್ಳುವ ಅಧಿಕಾರವೂ ಇಲಾಖೆಗಿದೆ.

ದಾರಿ ಇಲ್ಲ ಎಂದಲ್ಲ. ಅಸೆಸಿಂಗ್ ಅಧಿಕಾರಿಗೆ ಅರ್ಜಿ ಬರೆಯಬೇಕು. ಅದರಲ್ಲಿ ಚಲನ್‌ನ ಪೂರ್ತಿ ಗುರುತು, ಈಗ ಇರುವ ವರ್ಷ, ಇರಬೇಕಾದ ವರ್ಷ, ಆ ಹಣವನ್ನು ಹಿಂದಿನ ವರ್ಷದ ರಿಟರ್ನ್‌ನಲ್ಲಿ ತೋರಿಸಿಲ್ಲ ಎಂಬ ಒಂದು ಸಾಲು ಇರಬೇಕು. ರಸೀದಿ, ಪ್ಯಾನ್, ಎರಡೂ ವರ್ಷಗಳ ಎಐಎಸ್ ಪ್ರತಿ ಲಗತ್ತಿಸಬೇಕು. ಹಿಂದಿನ ವರ್ಷದ ಪ್ರತಿ ಯಾಕೆ ಎಂದರೆ ಚಲನ್ ಇನ್ನೂ ಬಳಕೆಯಾಗದೆ ಕುಳಿತಿದೆ ಎಂಬುದೇ ಇಡೀ ಅರ್ಜಿಯ ಜೀವಾಳ. ಸ್ವೀಕೃತಿ ಮೊಹರು ಬೀಳದೆ ಕಚೇರಿಯಿಂದ ಹೊರಬರಬಾರದು. ಬಾಕಿ ಸೂಚನೆ ಈಗಾಗಲೇ ಬಂದಿದ್ದರೆ ಪೋರ್ಟಲ್‌ನಲ್ಲಿ ಅದಕ್ಕೆ ಒಪ್ಪಿಲ್ಲ ಎಂದು ಉತ್ತರಿಸಿ, ಚಲನ್ ವಿವರ ನಮೂದಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆಯೇ.

ಅಧಿಕಾರಿ ತಿದ್ದಿದ ಮೇಲೆ ಕೆಲಸ ಮುಗಿಯಿತು ಎಂದು ಹಲವರು ಮರೆತುಬಿಡುತ್ತಾರೆ. ಚಲನ್ ಸ್ಥಳ ಬದಲಿಸಿದ್ದರಿಂದಲೇ ಬೆಂಗಳೂರಿನ ಬಾಕಿ ಅಳಿಸುವುದಿಲ್ಲ. ಎಐಎಸ್‌ನಲ್ಲಿ ಹಣ ಸರಿಯಾದ ವರ್ಷಕ್ಕೆ ಬಂದಿದೆ ಎಂದು ಕಣ್ಣಾರೆ ನೋಡಿದ ಬಳಿಕ Rectification ಅಡಿಯಲ್ಲಿ Reprocess the return ಆರಿಸಬೇಕು. ಕ್ರಮ ತಲೆಕೆಳಗಾದರೆ, ಅಂದರೆ ಚಲನ್ ಸರಿಹೋಗುವ ಮೊದಲೇ ಮರುಸಂಸ್ಕರಣೆ ಕೇಳಿದರೆ, ಯಂತ್ರ ಅದೇ ಖಾಲಿ ಕೋಣೆ ನೋಡಿ ಅದೇ ಬಾಕಿಯನ್ನು ಮತ್ತೆ ಕಳಿಸುತ್ತದೆ. ಸರಿಯಾದ ಕ್ರಮದಲ್ಲಿ ಆದರೆ ಬಡ್ಡಿಯೂ ಪೂರ್ತಿ ಹೋಗುತ್ತದೆ. ಏಕೆಂದರೆ ತಿದ್ದುಪಡಿಯಲ್ಲಿ ಬದಲಾಗುವುದು ವರ್ಷ ಮಾತ್ರ, ಹಣ ಕಟ್ಟಿದ ದಿನಾಂಕ ಮಾರ್ಚ್ 15 ಆಗಿಯೇ ಉಳಿಯುತ್ತದೆ. ಆದೇಶ ಹೊರಟ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಇಂಥ ತಿದ್ದುಪಡಿಗೆ ಅವಕಾಶವಿದೆ.

ಗಡಿಯ ಜನರಿಗೆ ಇಲ್ಲೊಂದು ಬೇರೆಯೇ ತೊಡಕು. ಮಕ್ತಲ್, ಕೃಷ್ಣಾ ಕಡೆಯವರಿಗೆ ಸಂತೆಗೂ ಆಸ್ಪತ್ರೆಗೂ ರಾಯಚೂರೇ ಹತ್ತಿರ. ತೆರಿಗೆ ಕಡತಕ್ಕೆ ಮಾತ್ರ ಇಲ್ಲಿನವರು ಮುಖ ಮಾಡಬೇಕಾದದ್ದು ಮಹಬೂಬ್‌ನಗರದ ಕಡೆಗೆ. ಇನ್ನು ರಾಯಚೂರಿನಲ್ಲಿದ್ದಾಗ ಪ್ಯಾನ್ ಮಾಡಿಸಿ ಆಮೇಲೆ ಗದ್ವಾಲಿಗೆ ಬಂದು ನೆಲೆಸಿದವರ ಪ್ಯಾನ್, ವಿಳಾಸ ಬದಲಾದರೂ, ಹಳೆಯ ಅಧಿಕಾರಿಯ ಹೆಸರಿನಲ್ಲೇ ಉಳಿದಿರಬಹುದು. ಪ್ಯಾನ್ ಯಾವ ಅಧಿಕಾರಿಯ ಬಳಿ ಇದೆಯೋ ಅವರಿಗೆ ಮಾತ್ರ ಚಲನ್ ತಿದ್ದುವ ಅಧಿಕಾರ. ಪೋರ್ಟಲ್‌ನ Know Your AO ನೋಡದೆ ಬಸ್ಸು ಹತ್ತಿದರೆ ಒಂದು ದಿನದ ವ್ಯಾಪಾರ ಹೋದಂತೆ.

ಹೆಡ್ ತಪ್ಪಿದರೆ ಪರಿಣಾಮ ಒಂದೇ ತೆರನಾಗಿ ಇರುವುದಿಲ್ಲ, ಅದನ್ನಷ್ಟು ತಿಳಿದಿರುವುದು ಒಳ್ಳೆಯದು. ಮುಂಗಡ ತೆರಿಗೆಯ 100 ಬದಲು ಸೆಲ್ಫ್ ಅಸೆಸ್‌ಮೆಂಟ್‌ನ 300 ಒತ್ತಿದ್ದಕ್ಕೆ ನಿದ್ದೆಗೆಡಬೇಕಿಲ್ಲ. ವರ್ಷ ಸರಿ ಇದ್ದರೆ ಹಣ ಆ ವರ್ಷದ ರಿಟರ್ನ್‌ಗೇ ಬಂದು ಕೂರುತ್ತದೆ, ಮಾರ್ಚ್ 31ರೊಳಗೆ ಕಟ್ಟಿದ್ದನ್ನು ಕಾಯ್ದೆಯೇ ಮುಂಗಡ ಎಂದು ಪರಿಗಣಿಸುತ್ತದೆ. ಅಪಾಯ ಇರುವುದು 400ರಲ್ಲಿ. ಅದು ಇಲಾಖೆ ನೋಟಿಸ್ ಕಳಿಸಿ ಕೇಳಿದ ಬಾಕಿಗೆ ಮೀಸಲಾದ ಸಂಖ್ಯೆ. ನೋಟಿಸ್ ಬಂದವರು 300ರಲ್ಲಿ ಕಟ್ಟಿದರೆ ಹಣ ಸರ್ಕಾರಕ್ಕೆ ಸೇರುತ್ತದೆ, ಬಾಕಿ ಮಾತ್ರ ಪೋರ್ಟಲ್‌ನಲ್ಲಿ ಹಾಗೇ ಕೆಂಪಗೆ ನಿಂತಿರುತ್ತದೆ. ತಿಂಗಳುಗಳ ನಂತರ ರಿಫಂಡ್ ಕಡಿತವಾದಾಗ ಮಾತ್ರ ಗೊತ್ತಾಗುತ್ತದೆ. ಹತ್ತಿ ಬೀಜದ ವ್ಯವಹಾರ ಜೋರಾಗಿರುವ ಗದ್ವಾಲ ಸೀಮೆಯಲ್ಲಿ ಪಾಲುದಾರಿಕೆ ಸಂಸ್ಥೆಗಳಿಗೂ ಜನ ಕಂಪನಿ ಎಂದೇ ಕರೆಯುವುದುಂಟು. ಚಲನ್‌ನಲ್ಲೂ ಕಂಪನಿಯ ಹೆಡ್ 0020 ಒತ್ತಿಬಿಡುತ್ತಾರೆ. ಪಾಲುದಾರಿಕೆ ಸಂಸ್ಥೆಗೆ ಸಲ್ಲುವುದು 0021.

ಈಗ ಮುಖ್ಯ ಪ್ರಶ್ನೆ. ವರ್ಷಕ್ಕೆ ಏಳು ದಿನ, ಹೆಡ್‌ಗೆ 30 ದಿನ. ಈ ಭೇದ ಎಲ್ಲಿಂದ ಬಂತು? ಬ್ಯಾಂಕಿನ ಕೌಂಟರ್‌ನಲ್ಲಿ ಕಾಗದದ ಚಲನ್ ತುಂಬುತ್ತಿದ್ದ ಕಾಲದಲ್ಲಿ, 2011ರ ಸೆಪ್ಟೆಂಬರ್‌ನಿಂದ, ಬ್ಯಾಂಕುಗಳಿಗೇ ತಿದ್ದುವ ಅಧಿಕಾರ ಕೊಡಲಾಯಿತು. ಅಸೆಸ್‌ಮೆಂಟ್ ವರ್ಷಕ್ಕೆ ಏಳು ದಿನ, ಹೆಡ್‌ಗಳಿಗೆ ಮೂರು ತಿಂಗಳು. ಬ್ಯಾಂಕ್ ಗುಮಾಸ್ತ ಕಾಗದ ನೋಡಿ ಟೈಪ್ ಮಾಡುವಾಗ ಆದ ತಪ್ಪನ್ನು ಬೇಗ ಹಿಡಿಯಲಿ ಎಂಬ ಕಾಲದ ಗಡುವು ಅದು. ಆಗ ಆನ್‌ಲೈನ್ ಚಲನ್ ತಿದ್ದಲು ಅಧಿಕಾರಿಯೊಬ್ಬರೇ ಗತಿಯಾಗಿದ್ದರು. ತೆರಿಗೆದಾರನಿಗೇ ತಿದ್ದುವ ಕಿಟಕಿ ಪೋರ್ಟಲ್‌ನಲ್ಲಿ ತೆರೆದದ್ದು ಆಮೇಲೆ. ಅಷ್ಟರಮಟ್ಟಿಗೆ ಅದು ದೊಡ್ಡ ಸುಧಾರಣೆಯೇ. ಆದರೆ ಕಾಗದದ ಕಾಲದ ಏಳು ದಿನ ಹಾಗೇ ಉಳಿಯಿತು, ಹೆಡ್‌ಗಳ ಮೂರು ತಿಂಗಳು ಒಂದು ತಿಂಗಳಿಗೆ ಇಳಿಯಿತು. ಈಗ ಟೈಪ್ ಮಾಡುವವನು ತೆರಿಗೆದಾರನೇ. ಅವನ ತಪ್ಪು ಅವನ ಕಣ್ಣಿಗೆ ಬೀಳುವುದು ರಿಟರ್ನ್ ತುಂಬುವಾಗ.

ಸರ್ಕಾರದ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಈ ಭೇದ ಇನ್ನೂ ವಿಚಿತ್ರ. ಮೇಜರ್ ಹೆಡ್ ಕೇಂದ್ರದ ಲೆಕ್ಕದ ಭಾಗ. ಕಂಪನಿ ತೆರಿಗೆ ಎಷ್ಟು, ಇತರರ ಆದಾಯ ತೆರಿಗೆ ಎಷ್ಟು ಎಂದು ಬಜೆಟ್‌ನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. 0020ರಿಂದ 0021ಕ್ಕೆ ಹಣ ಸರಿದರೆ ಆ ಲೆಕ್ಕವೂ ಸರಿಯುತ್ತದೆ. ಅದಕ್ಕೆ 30 ದಿನ ಕೊಡಲು ಇಲಾಖೆಗೆ ಅಡ್ಡಿಯಾಗಲಿಲ್ಲ. ಅಸೆಸ್‌ಮೆಂಟ್ ವರ್ಷಕ್ಕೆ ಖಜಾನೆಯ ಲೆಕ್ಕದಲ್ಲಿ ಜಾಗವೇ ಇಲ್ಲ. ಹಣ ಬಂದ ದಿನ ಬಂದ ಲೆಕ್ಕಕ್ಕೆ ಸೇರುತ್ತದೆ, ಅದು ಯಾವ ವರ್ಷದ ಗಳಿಕೆಯ ತೆರಿಗೆ ಎಂಬುದು ತೆರಿಗೆದಾರನ ಕಡತದ ವಿಷಯ. ಹಾಗಿದ್ದೂ ಕಟ್ಟುನಿಟ್ಟಿನ ಗಡುವು ಬಿದ್ದಿರುವುದು ವರ್ಷದ ಮೇಲೆ.

ಗಡುವು ಸಡಿಲಿಸಿದರೆ ದುರುಪಯೋಗ ಆಗದೇ ಎಂದು ಇಲಾಖೆಯ ಕಡೆಯಿಂದ ಕೇಳಬಹುದು. ಹಳೆಯ ಬಾಕಿಯ ಬಡ್ಡಿ ತಪ್ಪಿಸಲು ಜನ ಹಣವನ್ನು ವರ್ಷದಿಂದ ವರ್ಷಕ್ಕೆ ಸರಿಸುತ್ತಾ ಹೋದರೆ? ಆದರೆ ಬಡ್ಡಿ ನಿಂತಿರುವುದು ಹಣ ಕಟ್ಟಿದ ದಿನಾಂಕದ ಮೇಲೆ, ತಿದ್ದಿದ ದಿನಾಂಕದ ಮೇಲೆ ಅಲ್ಲ. ಈ ವರ್ಷ ಕಟ್ಟಿದ ಹಣವನ್ನು ಹಿಂದಿನ ವರ್ಷಕ್ಕೆ ಸರಿಸಿದರೂ ಹಿಂದಿನ ವರ್ಷದ ಬಡ್ಡಿ ಕಟ್ಟಿದ ದಿನದವರೆಗೆ ಬಿದ್ದೇ ತೀರುತ್ತದೆ. ಒಂದೇ ಹಣಕ್ಕೆ ಎರಡು ಕಡೆ ಲಾಭ ಪಡೆಯದಂತೆ ತಡೆಯಲು ‘ಬಳಕೆಯಾಗದ ಚಲನ್’ ಎಂಬ ಷರತ್ತು ಈಗಾಗಲೇ ಇದೆ. ನಿಜವಾದ ಕಾವಲು ಆ ಷರತ್ತೇ. ಏಳು ದಿನದ ಗಡುವು ಕಾವಲಿನ ಮೇಲೊಂದು ಬೀಗ ಅಷ್ಟೆ.

ಇದೇ ಸೀರೆ ವ್ಯಾಪಾರಿ ಜಿಎಸ್‌ಟಿಯಲ್ಲಿ ತಪ್ಪಿದರೆ ಆಗುವುದನ್ನು ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಕಟ್ಟಿದ ಹಣ ಮೊದಲು ಅವನದೇ ನಗದು ಖಾತೆಗೆ ಬೀಳುತ್ತದೆ. ಕೇಂದ್ರದ ತೆರಿಗೆಯ ಕಡೆ ಹಾಕಬೇಕಾದ್ದನ್ನು ರಾಜ್ಯದ ಕಡೆ ಹಾಕಿದ್ದರೆ, ಖರ್ಚಾಗದ ಹಣವನ್ನು ಪಿಎಂಟಿ-09 ಎಂಬ ನಮೂನೆ ತುಂಬಿ ಅವನೇ ಸರಿಸಬಹುದು. 2020ರಿಂದ ಈ ಸೌಲಭ್ಯ ಇದೆ. ಏಳು ದಿನದ ಕತ್ತಿ ಇಲ್ಲ, ಅಧಿಕಾರಿಯ ಕಚೇರಿಗೆ ಹೋಗಬೇಕಿಲ್ಲ. ಇನ್ನು ಗಡಿಯ ವ್ಯಾಪಾರದ ತಪ್ಪು. ನಾರಾಯಣಪೇಟೆಯಿಂದ ರಾಯಚೂರಿಗೆ ಕಳಿಸಿದ ಸೀರೆಗೆ, ತೆಲಂಗಾಣದ 36ರಿಂದ ಕರ್ನಾಟಕದ 29ಕ್ಕೆ ಹೋದ ಸರಕಾದ್ದರಿಂದ, ಅಂತರರಾಜ್ಯ ತೆರಿಗೆ ಬೀಳಬೇಕು. ಅದನ್ನು ರಾಜ್ಯದೊಳಗಿನ ಮಾರಾಟ ಎಂದು ಭಾವಿಸಿ ಕಟ್ಟಿಬಿಟ್ಟಿದ್ದರೆ, ಸರಿಯಾದ ತೆರಿಗೆ ಈಗ ಕಟ್ಟಿ ಹಳೆಯದನ್ನು ಹಿಂಪಡೆಯಬಹುದು, ತಡವಾದದ್ದಕ್ಕೆ ಬಡ್ಡಿ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಣ ಒಟ್ಟಾರೆ ಸರ್ಕಾರದ ಬಳಿಯೇ ಇತ್ತು ಎಂಬುದನ್ನು ಜಿಎಸ್‌ಟಿ ಒಪ್ಪಿಕೊಂಡಿದೆ. ಎರಡು ರಾಜ್ಯಗಳ ನಡುವಿನ ಹಣದಲ್ಲೇ ಇದು ಸಾಧ್ಯವಾದರೆ, ಒಂದೇ ಸರ್ಕಾರದ, ಒಂದೇ ಪ್ಯಾನ್‌ನ, ಎರಡು ವರ್ಷಗಳ ನಡುವೆ ಯಾಕೆ ಆಗಬಾರದು?

ಈ ಮಾತಿಗೆ ಇಲಾಖೆಯ ಹಳೆಯ ಕಾಗದವೇ ಬೆಂಬಲ. ಆಗಿನ ಕೇಂದ್ರ ಕಂದಾಯ ಮಂಡಳಿ 1955ರ ಏಪ್ರಿಲ್ 11ರಂದು ಹೊರಡಿಸಿದ 14ನೇ ಸುತ್ತೋಲೆಯಲ್ಲಿ, ತೆರಿಗೆದಾರನ ಅಜ್ಞಾನದ ಲಾಭವನ್ನು ಅಧಿಕಾರಿಗಳು ಪಡೆಯಬಾರದು, ಅವನಿಗೆ ಸಲ್ಲಬೇಕಾದದ್ದನ್ನು ಪಡೆಯಲು ನೆರವಾಗಬೇಕು ಎಂದು ಹೇಳಿದೆ. ಏಳು ದಶಕಗಳಿಂದ ವಕೀಲರು ಅದನ್ನು ನ್ಯಾಯಮಂಡಳಿಗಳಲ್ಲಿ ಎತ್ತಿ ತೋರಿಸುತ್ತಲೇ ಇದ್ದಾರೆ. 1955ರ ಆ ಸುತ್ತೋಲೆ ಮನುಷ್ಯ ಅಧಿಕಾರಿಗೆ ಬರೆದದ್ದು. ಈಗ ಮೊದಲ ಬಾರಿ ಕಡತ ನೋಡುವುದು ಯಂತ್ರ. ಅದಕ್ಕೆ ಪಕ್ಕದ ವರ್ಷದ ಕೋಣೆಯಲ್ಲೂ ಇಣುಕಿ ನೋಡು ಎಂದು ಹೇಳಿಕೊಡುವುದು ಕಷ್ಟದ ಕೆಲಸವೇನೂ ಅಲ್ಲ. ರಿಟರ್ನ್‌ನಲ್ಲಿ ಬರೆದ ಬಿಎಸ್‌ಆರ್ ಕೋಡ್, ದಿನಾಂಕ, ಕ್ರಮಸಂಖ್ಯೆ, ಮೊತ್ತ ನಾಲ್ಕೂ ಅದೇ ಪ್ಯಾನ್‌ನ ಬಳಕೆಯಾಗದ ಚಲನ್ ಒಂದಕ್ಕೆ ಹೊಂದಿದರೆ, 70,280ರ ಬಾಕಿ ಕಳಿಸುವ ಬದಲು ‘ಈ ಚಲನ್ ವರ್ಷ ಬದಲಿಸಲೇ?’ ಎಂದು ತೆರಿಗೆದಾರನನ್ನು ಕೇಳಬಹುದು. ಅಷ್ಟು ಮಾಡಲು ಮನಸ್ಸಿಲ್ಲದಿದ್ದರೆ, ಬಳಕೆಯಾಗದ ಚಲನ್‌ನ ವರ್ಷ ಬದಲಿಸುವ ಗಡುವನ್ನಾದರೂ ಆ ಆದಾಯದ ರಿಟರ್ನ್ ಸಲ್ಲಿಸುವ ಕೊನೆಯ ದಿನಕ್ಕೆ ಕಟ್ಟಬೇಕು. ಮಾರ್ಚ್ 15ರಂದು ತಪ್ಪಿದವನಿಗೆ ಆಗ ಲೆಕ್ಕ ಒಪ್ಪಿಸುವ ದಿನದವರೆಗೂ ಕಿಟಕಿ ತೆರೆದಿರುತ್ತದೆ.

ಇದು ಈಗಲೇ ಆಗಬೇಕೆನ್ನುವುದಕ್ಕೆ ಕಾರಣ ಹೊಸ ಕಾಯ್ದೆ. 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ನಿಗದಿಯಾದ ದಿನ 2026ರ ಏಪ್ರಿಲ್ 1. ಅದು ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಎಂಬ ಎರಡು ಹೆಸರು ಕಿತ್ತುಹಾಕಿ ಗಳಿಸಿದ ವರ್ಷವನ್ನೇ ತೆರಿಗೆ ವರ್ಷ ಎನ್ನುತ್ತದೆ. ನಮ್ಮ ವ್ಯಾಪಾರಿ ಎಡವಿದ ಕಲ್ಲನ್ನೇ ಕಾಯ್ದೆ ಎತ್ತಿ ಬದಿಗಿಟ್ಟಿದೆ, ಬಹಳ ತಡವಾಗಿಯಾದರೂ. ಆದರೆ ದಾಟುವ ಹೊತ್ತಿನಲ್ಲಿ ಇನ್ನೊಂದು ಕಲ್ಲಿದೆ. 2025-26ರ ಹಣಕಾಸು ವರ್ಷದ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ, ಅದರ ಅಸೆಸ್‌ಮೆಂಟ್ ವರ್ಷ 2026-27. ಅದರ ಮುಂದಿನ ಹಣಕಾಸು ವರ್ಷದ ಆದಾಯಕ್ಕೆ ಹೊಸ ಕಾಯ್ದೆ, ಅದರ ತೆರಿಗೆ ವರ್ಷದ ಹೆಸರೂ 2026-27. 2026ರ ಬೇಸಿಗೆಯಲ್ಲಿ ಕಳೆದ ವರ್ಷದ ಉಳಿದ ತೆರಿಗೆ ಕಟ್ಟುವ ಗದ್ವಾಲದ ಬೀಜ ವ್ಯಾಪಾರಿ, ಜೂನ್ 15ರೊಳಗೆ ಈ ವರ್ಷದ ಮುಂಗಡದ ಮೊದಲ ಕಂತನ್ನೂ ಕಟ್ಟಬೇಕು. ಎರಡು ಬೇರೆ ಬೇರೆ ವರ್ಷಗಳ ಹಣ, ಎರಡಕ್ಕೂ 2026-27 ಎಂಬ ಒಂದೇ ಅಂಕಿ. ರಸೀದಿಯಲ್ಲಿ ಅಂಕಿ ನೋಡಿ ತಪ್ಪು ಹಿಡಿಯುವುದೂ ಆಗ ಸಾಧ್ಯವಿಲ್ಲ. ಅಂಕಿಯ ಹಿಂದಿರುವುದು ಅಸೆಸ್‌ಮೆಂಟ್ ವರ್ಷವೋ ತೆರಿಗೆ ವರ್ಷವೋ ಎಂದು ಓದಿ ನೋಡಬೇಕು, ಅದೂ ಕಟ್ಟಿದ ಏಳು ದಿನದೊಳಗೆ.